ಜನಸಂಖ್ಯೆ ಏರಿದ್ದರಿಂದ ಕಾಫಿ ಬೆಳೆ ಏರಿತೇ? ಅಂಕಿಗಳ ಹುಸಿ ನಂಟು ಬಯಲಾಗುವ ಬಗೆ

ಹಾಸನ ಜಿಲ್ಲೆಯ ಆಲೂರು ಹಾಗೂ ಸಕಲೇಶಪುರ ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಕಾಡಾನೆಗಳ ಸಂಚಾರ ಹೊಸ ಸಂಗತಿಯಲ್ಲ. ಹೈಕೋರ್ಟ್ ಆದೇಶದ ಮೇರೆಗೆ ರಚನೆಗೊಂಡಿದ್ದ, ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ತನ್ನ ವರದಿಯನ್ನು ಸಲ್ಲಿಸಿ, ಈ ಭಾಗದ ಆನೆಗಳನ್ನು ಹಿಡಿದು ಬೇರೆಡೆಗೆ ಸಾಗಿಸುವಂತೆ ಶಿಫಾರಸು ಮಾಡಿತು. 2014ರಲ್ಲಿ 22 ಆನೆಗಳನ್ನು ಹಿಡಿಯಲಾಯಿತು. ಆದರೂ ಸಂಘರ್ಷ ನಿಲ್ಲಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ನಡೆದ ಕಾರ್ಯಾಚರಣೆಯಲ್ಲಿ, ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಎಂಬ ಆನೆಯೇ ಕಾಡಾನೆಯೊಡನೆ ಕಾದಾಡಿ ಪ್ರಾಣ ಬಿಟ್ಟಿತು.

ಇಂತಹ ಸಮಸ್ಯೆಗೆ ಪರಿಹಾರ ಹುಡುಕಬೇಕಾದರೆ ಮೊದಲು ಕಾರಣ ತಿಳಿಯಬೇಕು. ಕಾಫಿ ತೋಟ ಹೆಚ್ಚಿದ್ದು ಕಾರಣವೇ, ಆನೆಗಳ ಸಂಖ್ಯೆ ಹೆಚ್ಚಿದ್ದು ಕಾರಣವೇ, ಕಾಡು ಛಿದ್ರವಾದದ್ದು ಕಾರಣವೇ ಎಂಬ ಚರ್ಚೆಯಲ್ಲಿ ಪ್ರತಿಯೊಂದು ಪಕ್ಷವೂ ಒಂದು ರೇಖಾಚಿತ್ರವನ್ನು ಮುಂದಿಡಬಲ್ಲುದು. ವರ್ಷದಿಂದ ವರ್ಷಕ್ಕೆ ಮೇಲೇರುವ ಎರಡು ಗೆರೆಗಳು ಒಂದರ ಪಕ್ಕ ಒಂದು ಸಾಗಿದರೆ, ಒಂದು ಇನ್ನೊಂದಕ್ಕೆ ಕಾರಣವೆಂದು ಕಣ್ಣು ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. ಸಂಖ್ಯಾಶಾಸ್ತ್ರದ ಸಾಮಾನ್ಯ ಲೆಕ್ಕವೂ ಆ ತೀರ್ಮಾನಕ್ಕೆ ಮುದ್ರೆಯೊತ್ತುತ್ತದೆ. ಆದರೆ ಆ ಮುದ್ರೆ ಬಹುಪಾಲು ಸುಳ್ಳು. ಈ ಮೋಸಕ್ಕೆ ಸಂಖ್ಯಾಶಾಸ್ತ್ರಜ್ಞರು 'ಸ್ಪೂರಿಯಸ್ ರಿಗ್ರೆಶನ್', ಎಂದರೆ ಹುಸಿ ಸಂಬಂಧ, ಎಂದು ಹೆಸರಿಟ್ಟಿದ್ದಾರೆ. ಅದನ್ನು ಬಯಲಿಗೆಳೆಯುವ ಉಪಾಯ ಒಂದು ಕಳೆಯುವ ಲೆಕ್ಕದಷ್ಟು ಸರಳ.

ಆನೆಗಳ ಕುರಿತ ಅಂಕಿಗಳು ಕಡಿಮೆ, ಅವು ದೊರೆಯುವ ವರ್ಷಗಳೂ ದೂರ ದೂರ. ಆದ್ದರಿಂದ ಉಪಾಯವನ್ನು ಮೊದಲು ಇದೇ ಬೆಟ್ಟಗಳ ಮುಖ್ಯ ಬೆಳೆಯಾದ ಕಾಫಿಯ ಮೇಲೆ ಪರೀಕ್ಷಿಸಿ, ಆನಂತರ ಆನೆಗಳ ಪ್ರಶ್ನೆಗೆ ಬರುವುದು ಅನುಕೂಲ.

ಅರವತ್ತು ವರ್ಷಗಳ ಎರಡು ಸಾಲು

ಕೆಳಗಿನ ಪಟ್ಟಿಯಲ್ಲಿ ಎರಡು ಬಗೆಯ ಅಂಕಿಗಳಿವೆ. ಮೊದಲನೆಯದು ಜನಗಣತಿಯಂತೆ ಈಗಿನ ಕರ್ನಾಟಕ ಪ್ರದೇಶದ ಜನಸಂಖ್ಯೆ, ಕೋಟಿಗಳಲ್ಲಿ. ಎರಡನೆಯದು ಭಾರತದ ಒಟ್ಟು ಕಾಫಿ ಉತ್ಪಾದನೆ, ಸಾವಿರ ಟನ್‌ಗಳಲ್ಲಿ. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಬೆಳೆಯುವುದು ಕರ್ನಾಟಕದಲ್ಲೇ, ಅಂದರೆ ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳಲ್ಲಿ. ಕಾಫಿ ವರ್ಷವು ಎರಡು ಕ್ಯಾಲೆಂಡರ್ ವರ್ಷಗಳಲ್ಲಿ ಹರಡಿರುವುದರಿಂದ 1951ರ ಎದುರಿಗೆ 1950-51ರ ಬೆಳೆಯನ್ನು ಇಡಲಾಗಿದೆ, ಉಳಿದವೂ ಹಾಗೆಯೇ.

| ವರ್ಷ | ಜನಸಂಖ್ಯೆ (ಕೋಟಿ) | ಕಾಫಿ (ಸಾವಿರ ಟನ್) |
|---|---|---|
| 1951 | 1.94 | 19 |
| 1961 | 2.36 | 68 |
| 1971 | 2.93 | 110 |
| 1981 | 3.71 | 119 |
| 1991 | 4.50 | 170 |
| 2001 | 5.29 | 301 |
| 2011 | 6.11 | 302 |

ಎರಡು ಸಾಲುಗಳು ಎಷ್ಟರಮಟ್ಟಿಗೆ ಜೊತೆಜೊತೆಯಾಗಿ ಸಾಗುತ್ತವೆ ಎಂಬುದನ್ನು ಅಳೆಯಲು ಸಹಸಂಬಂಧ ಗುಣಾಂಕವೆಂಬ ಅಳತೆಗೋಲಿದೆ. ಒಂದು ಏರಿದಾಗ ಇನ್ನೊಂದೂ ತಪ್ಪದೆ ಅದೇ ಪ್ರಮಾಣದಲ್ಲಿ ಏರಿದರೆ ಅದರ ಬೆಲೆ 1. ಒಂದು ಏರಿದಾಗ ಇನ್ನೊಂದು ಅದೇ ಪ್ರಮಾಣದಲ್ಲಿ ಇಳಿದರೆ -1. ಎರಡೂ ತಮ್ಮ ಪಾಡಿಗೆ ತಾವಿದ್ದರೆ ಸೊನ್ನೆಯ ಆಸುಪಾಸು. ಮೇಲಿನ ಏಳು ಜೋಡಿಗಳಿಗೆ ಈ ಗುಣಾಂಕ 0.97. ಎರಡು ಸಾಲುಗಳ ನಡುವೆ ಹೊಂದುವ ಸರಳರೇಖೆಯನ್ನು ಎಳೆದರೆ, ಜನಸಂಖ್ಯೆ ಒಂದು ಕೋಟಿ ಹೆಚ್ಚಿದಾಗಲೆಲ್ಲ ಕಾಫಿ ಸುಮಾರು 69 ಸಾವಿರ ಟನ್ ಹೆಚ್ಚುತ್ತದೆ ಎಂಬ 'ನಿಯಮ' ದೊರೆಯುತ್ತದೆ. ಕಾಫಿ ಉತ್ಪಾದನೆಯ ಏರಿಳಿತದಲ್ಲಿ ಶೇ 94ರಷ್ಟನ್ನು ಜನಸಂಖ್ಯೆಯೊಂದೇ ವಿವರಿಸುತ್ತದೆ ಎಂದು ಲೆಕ್ಕ ಹೇಳುತ್ತದೆ. ಇಷ್ಟು ಗಾಢವಾದ ಸಂಬಂಧ ಕೇವಲ ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವ ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಎಂದೂ ಅದೇ ಲೆಕ್ಕ ಸಾರುತ್ತದೆ.

ಇದಕ್ಕೊಂದು ಸಮರ್ಥನೆಯೂ ಸುಲಭವಾಗಿ ಒದಗುತ್ತದೆ. ಜನ ಹೆಚ್ಚಿದರೆ ಕಾಫಿ ಕುಡಿಯುವವರು ಹೆಚ್ಚುತ್ತಾರೆ, ತೋಟಕ್ಕೆ ಆಳುಗಳು ಸಿಗುತ್ತಾರೆ, ಹೀಗಾಗಿ ಬೆಳೆಯೂ ಹೆಚ್ಚುತ್ತದೆ ಎಂದು ಯಾರಾದರೂ ಹೇಳಬಹುದು. ಹುಸಿ ಸಂಬಂಧದ ದೊಡ್ಡ ಅಪಾಯವಿರುವುದು ಇಲ್ಲಿಯೇ. ಅಂಕಿ ಮೊದಲು ಬರುತ್ತದೆ, ಅದಕ್ಕೆ ಹೊಂದುವ ಕಥೆ ಹಿಂದಿನಿಂದ ಬರುತ್ತದೆ. ಎರಡೂ ಸೇರಿದ ಮೇಲೆ ಅನುಮಾನಕ್ಕೆ ಎಡೆಯೇ ಉಳಿಯುವುದಿಲ್ಲ. ಭಾರತದ ಕಾಫಿಯ ಬಹುಪಾಲು ಹೊರದೇಶಗಳಿಗೆ ರಫ್ತಾಗುತ್ತದೆ ಎಂಬ ಒಂದೇ ಸಂಗತಿ ಈ ಕಥೆಯನ್ನು ಅಲುಗಾಡಿಸಲು ಸಾಕು.

ಕಥೆ ಬೇಡವೆನ್ನುವವರು ಜನಸಂಖ್ಯೆಯ ಜಾಗದಲ್ಲಿ ದೇಶದ ಸಾಕ್ಷರತೆಯ ಪ್ರಮಾಣವನ್ನು ಇಟ್ಟು ನೋಡಬಹುದು. 1951ರಲ್ಲಿ ಶೇ 18.3ರಷ್ಟಿದ್ದ ಸಾಕ್ಷರತೆ 2011ರಲ್ಲಿ ಶೇ 74ಕ್ಕೆ ಏರಿತು. ಕಾಫಿಯೊಡನೆ ಅದರ ಸಹಸಂಬಂಧ 0.98, ಅಂದರೆ ಜನಸಂಖ್ಯೆಗಿಂತಲೂ ಒಂದು ಕೈ ಮೇಲು. ಅಕ್ಷರ ಕಲಿತವರು ಹೆಚ್ಚಿದಂತೆ ಕಾಫಿ ಗಿಡ ಹೆಚ್ಚು ಹಣ್ಣು ಬಿಡುತ್ತದೆ ಎಂದು ಯಾವ ಬೆಳೆಗಾರನೂ ಒಪ್ಪಲಾರ.

ಕಳೆದು ನೋಡಿದಾಗ

ಈಗ ಅದೇ ಪಟ್ಟಿಯನ್ನು ಇನ್ನೊಂದು ರೀತಿಯಲ್ಲಿ ಓದಬೇಕು. ಪ್ರತಿ ಗಣತಿಯ ಅಂಕಿಯಿಂದ ಅದರ ಹಿಂದಿನ ಗಣತಿಯ ಅಂಕಿಯನ್ನು ಕಳೆದರೆ ಆ ದಶಕದಲ್ಲಿ ಎಷ್ಟು ಹೆಚ್ಚಿತೆಂಬುದು ತಿಳಿಯುತ್ತದೆ. ಏಳು ಮಟ್ಟಗಳ ಜಾಗದಲ್ಲಿ ಆರು ಹೆಚ್ಚಳಗಳು ಉಳಿಯುತ್ತವೆ. ಸಂಖ್ಯಾಶಾಸ್ತ್ರದಲ್ಲಿ ಇದನ್ನು 'ಡಿಫರೆನ್ಸಿಂಗ್' ಎನ್ನುತ್ತಾರೆ. ಹೊಸ ಸಾಲನ್ನು ವ್ಯತ್ಯಾಸಗಳ ಸಾಲು ಎಂದು ಕರೆಯಬಹುದು.

| ದಶಕ | ಜನಸಂಖ್ಯೆಯ ಹೆಚ್ಚಳ (ಲಕ್ಷ) | ಕಾಫಿಯ ಹೆಚ್ಚಳ (ಸಾವಿರ ಟನ್) |
|---|---|---|
| 1951–61 | 42 | 49 |
| 1961–71 | 57 | 42 |
| 1971–81 | 78 | 9 |
| 1981–91 | 79 | 51 |
| 1991–2001 | 79 | 131 |
| 2001–11 | 82 | 1 |

ಯಾವ ಸೂತ್ರವೂ ಇಲ್ಲದೆ, ಬರಿಗಣ್ಣಿಗೇ ಇಲ್ಲಿ ಸತ್ಯ ಕಾಣುತ್ತದೆ. ಕೊನೆಯ ನಾಲ್ಕು ದಶಕಗಳಲ್ಲಿ ಜನಸಂಖ್ಯೆಯ ಹೆಚ್ಚಳ ಹೆಚ್ಚುಕಡಿಮೆ ಒಂದೇ: 78, 79, 79 ಮತ್ತು 82 ಲಕ್ಷ. ಅದೇ ನಾಲ್ಕು ದಶಕಗಳಲ್ಲಿ ಕಾಫಿಯ ಹೆಚ್ಚಳ 9, 51, 131 ಮತ್ತು 1 ಸಾವಿರ ಟನ್. ಕೋಟಿಗೆ 69 ಸಾವಿರ ಟನ್ ಎಂಬ 'ನಿಯಮ' ನಿಜವಾಗಿದ್ದಲ್ಲಿ ಈ ನಾಲ್ಕರಲ್ಲಿ ಪ್ರತಿಯೊಂದು ದಶಕವೂ 54ರಿಂದ 57 ಸಾವಿರ ಟನ್ ಕೂಡಿಸಬೇಕಿತ್ತು. 1981–91ರಲ್ಲಿ ಮಾತ್ರ ಅಂಕಿ ಅದರ ಹತ್ತಿರ ಬಂದಿದೆ. ಜನಸಂಖ್ಯೆ ಎಲ್ಲಕ್ಕಿಂತ ಹೆಚ್ಚು ಬೆಳೆದ 2001–11ರ ದಶಕದಲ್ಲಿ ಕಾಫಿ ನಿಂತಲ್ಲೇ ನಿಂತಿತ್ತು. ಈ ಆರು ಜೋಡಿಗಳ ಸಹಸಂಬಂಧ ಗುಣಾಂಕವನ್ನು ಲೆಕ್ಕಹಾಕಿದರೆ ಬರುವ ಉತ್ತರ -0.01. ಪ್ರಾಯೋಗಿಕವಾಗಿ ಅದು ಸೊನ್ನೆ.

0.97 ಎಲ್ಲಿ, ಸೊನ್ನೆ ಎಲ್ಲಿ! ಅಂಕಿಗಳು ಅವೇ, ವರ್ಷಗಳೂ ಅವೇ. ಬದಲಾದದ್ದು ಕೇಳಿದ ಪ್ರಶ್ನೆ. ಮೊದಲನೆಯ ಲೆಕ್ಕ ಕೇಳಿದ್ದು 'ಎರಡೂ ಮೇಲೇರಿವೆಯೇ?' ಎಂದು. ಎರಡನೆಯದು ಕೇಳಿದ್ದು 'ಒಂದು ಹೆಚ್ಚು ಏರಿದ ಕಾಲದಲ್ಲಿ ಇನ್ನೊಂದೂ ಹೆಚ್ಚು ಏರಿತೇ?' ಎಂದು. ಕಾರಣ–ಪರಿಣಾಮದ ವಿಚಾರದಲ್ಲಿ ಉಪಯೋಗಕ್ಕೆ ಬರುವುದು ಎರಡನೆಯ ಪ್ರಶ್ನೆ.

ಈ ಲೆಕ್ಕವನ್ನು ಯಾರು ಬೇಕಾದರೂ ಮನೆಯ ಕಂಪ್ಯೂಟರಿನಲ್ಲಿ ಮಾಡಿ ನೋಡಬಹುದು. ಸ್ಪ್ರೆಡ್‌ಶೀಟ್‌ನ ಮೊದಲ ಸಾಲಿನಲ್ಲಿ ಶೀರ್ಷಿಕೆ ಇರಿಸಿ, A ಕಾಲಂನಲ್ಲಿ ವರ್ಷ, B ಕಾಲಂನಲ್ಲಿ ಜನಸಂಖ್ಯೆ, C ಕಾಲಂನಲ್ಲಿ ಕಾಫಿ ತುಂಬಿದರೆ ಬೇಕಾಗುವುದು ನಾಲ್ಕೇ ಸೂತ್ರ. ಮೊದಲನೆಯದು ಮಟ್ಟಗಳ ಸಹಸಂಬಂಧ. ನಡುವಿನ ಎರಡನ್ನು D3 ಮತ್ತು E3 ಕೋಶಗಳಲ್ಲಿ ಬರೆದು ಎಂಟನೆಯ ಸಾಲಿನವರೆಗೆ ಎಳೆಯಬೇಕು. ಕೊನೆಯದು ವ್ಯತ್ಯಾಸಗಳ ಸಹಸಂಬಂಧ.

```
=CORREL(B2:B8,C2:C8)
=B3-B2
=C3-C2
=CORREL(D3:D8,E3:E8)
```

ಕಾಫಿಯನ್ನು ಏರಿಸಿದ್ದು ಯಾವುದು?

ವ್ಯತ್ಯಾಸಗಳ ಸಾಲು ಹುಸಿಯನ್ನು ಅಳಿಸುವುದರ ಜೊತೆಗೆ ನಿಜವಾದ ಕಾರಣವನ್ನು ಎಲ್ಲಿ ಹುಡುಕಬೇಕೆಂದೂ ಬೆರಳು ತೋರುತ್ತದೆ. ಎರಡನೆಯ ಪಟ್ಟಿಯಲ್ಲಿ ಎದ್ದು ಕಾಣುವ ಅಂಕಿ 131. ಆ ದಶಕದಲ್ಲಿ ಆದದ್ದೇನು?

1942ರ ಕಾಫಿ ಕಾಯ್ದೆಯಡಿ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ 'ಪೂಲ್'ಗೆ ಒಪ್ಪಿಸಬೇಕಾಗಿತ್ತು. ಮಾರಾಟ ಮಂಡಳಿಯ ಕೈಯಲ್ಲಿತ್ತು, ಹಣ ಕಂತುಗಳಲ್ಲಿ ಬರುತ್ತಿತ್ತು. 1992ರಿಂದ ಹಂತಹಂತವಾಗಿ ಈ ಕಟ್ಟು ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಪೂರ್ಣ ಬೆಳೆಯನ್ನು ತಾವೇ ಮಾರುವ ಸ್ವಾತಂತ್ರ್ಯ ಪಡೆದರು. ಇದರ ನಡುವೆ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ತೋಟಗಳು ಸುಟ್ಟವು. ಜಾಗತಿಕ ಬೆಲೆ ಗಗನಕ್ಕೇರಿತು. ಮಲೆನಾಡಿನಲ್ಲಿ ತೋಟಗಳು ವಿಸ್ತರಿಸಿದವು, ಹೆಚ್ಚು ಇಳುವರಿ ಕೊಡುವ ರೋಬಸ್ಟಾ ಹರಡಿತು, ಗೊಬ್ಬರ–ನೀರಿಗೆ ಹಣ ಹರಿಯಿತು. ಮುಂದಿನ ದಶಕದ ಆರಂಭದಲ್ಲಿ ಅದೇ ಬೆಲೆ ಪಾತಾಳಕ್ಕಿಳಿಯಿತು. ಅರೇಬಿಕಾ ಗಿಡಗಳನ್ನು ಬಿಳಿ ಕಾಂಡಕೊರಕ ಕಾಡಿತು, ಬರವೂ ಬಂತು. ಪಟ್ಟಿಯ ಕೊನೆಯ ಸಾಲಿನ ಒಂಟಿ 1ರ ಹಿಂದಿರುವುದು ಈ ಕಥೆ. ಜನಗಣತಿಯ ಸಾಲಿನಲ್ಲಿ ಬ್ರೆಜಿಲ್‌ನ ಹಿಮವಾಗಲಿ ಕಾಂಡಕೊರಕವಾಗಲಿ ಇಲ್ಲ.

ಮೋಸ ಹುಟ್ಟುವುದೆಲ್ಲಿ?

ಬ್ಯಾಂಕ್ ಪಾಸ್‌ಬುಕ್ಕನ್ನು ನೆನಪಿಸಿಕೊಂಡರೆ ವಿಷಯ ತಿಳಿಯಾಗುತ್ತದೆ. ಅದರಲ್ಲಿ ಒಂದು ಕಡೆ ಅಂದಂದಿನ ಜಮಾ–ಖರ್ಚು, ಇನ್ನೊಂದು ಕಡೆ ಉಳಿಕೆ. ಇಂದಿನ ಉಳಿಕೆಯೆಂದರೆ ನಿನ್ನೆಯ ಉಳಿಕೆಗೆ ಇಂದಿನ ಜಮೆ ಸೇರಿಸಿದ್ದು. ಆದ್ದರಿಂದ ಉಳಿಕೆಯ ಕಾಲಂನಲ್ಲಿ ನೂರು ಅಂಕಿಗಳಿದ್ದರೂ ಅವು ನೂರು ಪ್ರತ್ಯೇಕ ಸಾಕ್ಷಿಗಳಲ್ಲ. ಪ್ರತಿಯೊಂದೂ ತನ್ನ ಹಿಂದಿನದನ್ನು ಹೊತ್ತುಕೊಂಡೇ ಬಂದಿರುತ್ತದೆ. ಒಮ್ಮೆ ಮೇಲಕ್ಕೆ ಹೋದದ್ದು ಬಹುಕಾಲ ಮೇಲೆಯೇ ಇರುತ್ತದೆ. ಪರಸ್ಪರ ಪರಿಚಯವೇ ಇಲ್ಲದ ಇಬ್ಬರ ಪಾಸ್‌ಬುಕ್‌ಗಳ ಉಳಿಕೆಗಳನ್ನು ಹೋಲಿಸಿದರೆ, ಇಬ್ಬರೂ ಉಳಿತಾಯ ಮಾಡುತ್ತಿದ್ದ ಪಕ್ಷದಲ್ಲಿ, ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಹುದೆಂಬ ಭ್ರಮೆ ಹುಟ್ಟುತ್ತದೆ.

ಸಹಸಂಬಂಧದ ನಂಬಿಕೆಯನ್ನು ಅಳೆಯುವ ರೂಢಿಯ ಲೆಕ್ಕಗಳಾದರೋ ಪ್ರತಿ ಅಂಕಿಯೂ ಸ್ವತಂತ್ರ ಸಾಕ್ಷಿಯೆಂದು ಭಾವಿಸುತ್ತವೆ. ಒಬ್ಬನೇ ಸಾಕ್ಷಿ ನೂರು ಸಲ ಹೇಳಿದ್ದನ್ನು ನೂರು ಸಾಕ್ಷಿಗಳ ಹೇಳಿಕೆಯೆಂದು ಬರೆದುಕೊಂಡಂತೆ ಇದು. 'ಸಾವಿರಕ್ಕೆ ಒಂದಕ್ಕಿಂತ ಕಡಿಮೆ' ಎಂಬ ಭರವಸೆ ಬಂದದ್ದು ಈ ದಾರಿಯಿಂದ.

ಉಳಿಕೆಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಅಂದಂದಿನ ಜಮೆ ಮಾತ್ರ. ಹಳೆಯ ಹೊರೆ ಇಳಿದುಹೋಗುತ್ತದೆ. ಇಬ್ಬರ ಜಮೆಗಳನ್ನು ದಿನಕ್ಕೆ ದಿನ ಹೋಲಿಸಿದಾಗ, ಅವರಿಗೆ ಒಂದೇ ಕಡೆಯಿಂದ ಸಂಬಳ ಬರುತ್ತಿದ್ದರೆ ಹೊಂದಾಣಿಕೆ ಕಾಣುತ್ತದೆ, ಇಲ್ಲವಾದರೆ ಕಾಣುವುದಿಲ್ಲ. ಒಂದು ಸಾಲು ವರ್ಷಕ್ಕೆ ಒಂದೇ ಪ್ರಮಾಣದಲ್ಲಿ, ಗಡಿಯಾರದಂತೆ ಏರುತ್ತಿದ್ದರೂ ಇದೇ ಉಪಾಯ ನಡೆಯುತ್ತದೆ. ಕಳೆದಾಗ ಆ ಏರಿಕೆ ಪ್ರತಿ ವರ್ಷವೂ ಒಂದೇ ಸಂಖ್ಯೆಯಾಗಿ ಬದಲಾಗುತ್ತದೆ. ಎಂದೂ ಬದಲಾಗದ ಸಂಖ್ಯೆ ಯಾವುದರೊಡನೆಯೂ ಜೊತೆಗೂಡಿ ಕುಣಿಯಲಾರದು.

ಶತಮಾನದ ಹಿಂದೆಯೇ ಎಚ್ಚರಿಕೆ

ಈ ದೋಷವನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವರು ಬ್ರಿಟನ್ನಿನ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್. 1926ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಎರಡು ಸಾಲುಗಳಿದ್ದವು: ಇಂಗ್ಲೆಂಡಿನ ಮದುವೆಗಳಲ್ಲಿ ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ನಡೆದವುಗಳ ಪಾಲು, ಮತ್ತು ಸಾವಿನ ಪ್ರಮಾಣ. 1866ರಿಂದ 1911ರವರೆಗೆ ಎರಡೂ ಇಳಿಯುತ್ತಾ ಬಂದಿದ್ದವು. ಅವುಗಳ ಸಹಸಂಬಂಧ 0.95. ಚರ್ಚಿನಲ್ಲಿ ಮದುವೆಯಾಗುವುದನ್ನು ನಿಲ್ಲಿಸಿದರೆ ಆಯುಷ್ಯ ಹೆಚ್ಚುತ್ತದೆ ಎಂದು ನಂಬುವವರು ಯಾರೂ ಇರಲಿಲ್ಲವಾದ್ದರಿಂದ, ತಪ್ಪಿರುವುದು ಲೆಕ್ಕದ ವಿಧಾನದಲ್ಲಿಯೇ ಎಂದು ಯೂಲ್ ತೋರಿಸಿದರು.

ಆದರೂ ಅರ್ಥಶಾಸ್ತ್ರಜ್ಞರು ಹಳೆಯ ದಾರಿಯಲ್ಲೇ ನಡೆದರು. 1974ರಲ್ಲಿ ಕ್ಲೈವ್ ಗ್ರೇಂಜರ್ ಮತ್ತು ಪಾಲ್ ನ್ಯೂಬೋಲ್ಡ್ ಕಂಪ್ಯೂಟರಿನಲ್ಲಿ ಒಂದು ಪ್ರಯೋಗ ನಡೆಸಿದರು. ಪಾಸ್‌ಬುಕ್ಕಿನ ಉಳಿಕೆಯಂತೆ ಹಿಂದಿನದಕ್ಕೆ ಆಕಸ್ಮಿಕ ಸಂಖ್ಯೆಯೊಂದನ್ನು ಕೂಡಿಸುತ್ತಾ ಹೋಗುವ, ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಎರಡು ಸಾಲುಗಳನ್ನು ಸೃಷ್ಟಿಸಿ, ಅವುಗಳ ನಡುವೆ ಸಂಬಂಧವಿದೆಯೇ ಎಂದು ರೂಢಿಯ ಪರೀಕ್ಷೆಯಿಂದ ಕೇಳಿದರು. ಇದನ್ನು ಮತ್ತೆ ಮತ್ತೆ ಮಾಡಿದರು. ಪರೀಕ್ಷೆ ಸರಿಯಾಗಿದ್ದರೆ ನೂರಕ್ಕೆ ಐದು ಸಲ ಮಾತ್ರ ತಪ್ಪಾಗಿ 'ಇದೆ' ಎನ್ನಬೇಕಿತ್ತು. ಅದು ಸುಮಾರು ಮುಕ್ಕಾಲು ಪಾಲು ಸಂದರ್ಭಗಳಲ್ಲಿ 'ಇದೆ' ಎಂದಿತು.

ಅವರು ಒಂದು ಎಚ್ಚರಿಕೆಯ ಗುರುತನ್ನೂ ಕೊಟ್ಟರು. ರೇಖೆ ಎಳೆದ ಮೇಲೆ ನಿಜವಾದ ಅಂಕಿಗೂ ರೇಖೆಗೂ ನಡುವೆ ಉಳಿಯುವ ಅಂತರಗಳನ್ನು ವರ್ಷವಾರು ನೋಡಬೇಕು. ಅವು ಮೇಲೆ–ಕೆಳಗೆ ಚೆದುರಿದ್ದರೆ ಸರಿ. ಹಲವು ವರ್ಷ ಸತತವಾಗಿ ರೇಖೆಯ ಮೇಲೆ, ಬಳಿಕ ಹಲವು ವರ್ಷ ಸತತವಾಗಿ ಕೆಳಗೆ ಇದ್ದರೆ ಸಂಬಂಧ ಹುಸಿಯೆಂದು ಶಂಕಿಸಬೇಕು. ಇದನ್ನು ಅಳೆಯುವ ಡರ್ಬಿನ್–ವಾಟ್ಸನ್ ಅಂಕ 2ರ ಆಸುಪಾಸಿನಲ್ಲಿದ್ದರೆ ಆತಂಕವಿಲ್ಲ. ಅದು ಸೊನ್ನೆಯತ್ತ ಕುಸಿದು, 'ಶೇಕಡಾ ಇಷ್ಟನ್ನು ವಿವರಿಸುತ್ತದೆ' ಎಂಬ ಭಾಗಾಂಶಕ್ಕಿಂತಲೂ ಕೆಳಗಿಳಿದರೆ ಅಂಥ ಫಲಿತಾಂಶವನ್ನು ನಂಬಬಾರದು. ಕಾಫಿಯ ಪಟ್ಟಿಯಲ್ಲಿರುವಂತೆ ಏಳೇ ಅಂಕಿಗಳಿದ್ದಾಗ ಮಾತ್ರ ಈ ಗುರುತು ಕೆಲಸಕ್ಕೆ ಬಾರದು; ಅದಕ್ಕೆ ದಶಕಗಳ ವಾರ್ಷಿಕ ಅಂಕಿ ಬೇಕು.

ಕಳೆಯುವುದೂ ಸರ್ವರೋಗಕ್ಕೆ ಮದ್ದಲ್ಲ

ವ್ಯತ್ಯಾಸಗಳ ಲೆಕ್ಕವನ್ನು ಕಣ್ಣು ಮುಚ್ಚಿ ನಂಬುವುದೂ ಅಪಾಯವೇ. ಸಾಕ್ಷರತೆಯ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ದಶಕವಾರು ಹೆಚ್ಚಳಗಳನ್ನು ಹೋಲಿಸಿದಾಗ ಸಾಕ್ಷರತೆ ಮತ್ತು ಕಾಫಿಯ ಸಹಸಂಬಂಧ ಸೊನ್ನೆಗೆ ಇಳಿಯುವುದಿಲ್ಲ, 0.63ರಲ್ಲಿ ನಿಲ್ಲುತ್ತದೆ. ಹಾಗಾದರೆ ಅಲ್ಲಿ ನಿಜವಾದ ನಂಟಿದೆಯೇ? ಇಲ್ಲ. 1991–2001ರ ದಶಕದಲ್ಲಿ ಎರಡೂ, ತಮ್ಮ ತಮ್ಮ ಕಾರಣಗಳಿಂದ, ದೊಡ್ಡ ಜಿಗಿತ ಕಂಡಿದ್ದವು. ಆ ಒಂದು ದಶಕವನ್ನು ಬದಿಗಿಟ್ಟರೆ ಉಳಿದ ಐದರ ಸಹಸಂಬಂಧ -0.22 ಆಗಿ, ಚಿಹ್ನೆಯೇ ತಿರುಗಿಬಿಡುತ್ತದೆ. ಆರು ಜೋಡಿಗಳಿರುವಾಗ ಗುಣಾಂಕ ಸುಮಾರು 0.81 ದಾಟದ ಹೊರತು ಅದನ್ನು ಆಕಸ್ಮಿಕವಲ್ಲವೆಂದು ಹೇಳಲು ರೂಢಿಯ ಪರೀಕ್ಷೆ ಒಪ್ಪುವುದಿಲ್ಲ. ಕಳೆಯುವ ಲೆಕ್ಕ ಏರಿಕೆಯ ಮೋಸವನ್ನು ತೆಗೆಯುತ್ತದೆ. ಕಡಿಮೆ ಅಂಕಿಗಳ ಬಡತನವನ್ನು ತೆಗೆಯಲಾರದು. ಇದೇ ನ್ಯಾಯದಿಂದ, ಜನಸಂಖ್ಯೆಯ -0.01 ಕೂಡ ನಂಟಿಗೆ ಇಲ್ಲಿ ಆಧಾರವಿಲ್ಲ ಎನ್ನುತ್ತದೆಯೇ ಹೊರತು, ನಂಟು ಎಂದೂ ಇರಲಾರದು ಎಂದು ಸಾಧಿಸುವುದಿಲ್ಲ.

ಎರಡನೆಯ ತೊಡಕು ಕಾಫಿ ಗಿಡದ ಸ್ವಭಾವದ್ದು. ಒಂದು ವರ್ಷ ಹೊರೆಯಾಗಿ ಕಾಯಿ ಬಿಟ್ಟ ಗಿಡ ಮರುವರ್ಷ ದಣಿದು ಕಡಿಮೆ ಬಿಡುತ್ತದೆ. ಹೀಗಾಗಿ ವಾರ್ಷಿಕ ವ್ಯತ್ಯಾಸಗಳನ್ನು ತೆಗೆದರೆ ಒಂದು ಮೇಲೆ, ಒಂದು ಕೆಳಗೆ ಎಂಬ ತುಯ್ದಾಟವೇ ಎದ್ದು ಕಂಡು, ನಿಧಾನವಾಗಿ ಕೆಲಸ ಮಾಡುವ ಕಾರಣಗಳು ಅದರಡಿ ಮುಚ್ಚಿಹೋಗುತ್ತವೆ. ಇಂದು ನೆಟ್ಟ ಸಸಿ ಫಸಲು ಕೊಡಲು ಮೂರು–ನಾಲ್ಕು ವರ್ಷ ಬೇಕು. ಈ ವರ್ಷದ ಬೆಲೆ ಏರಿಕೆಯನ್ನು ಈ ವರ್ಷದ ಬೆಳೆ ಏರಿಕೆಯೊಡನೆ ಹೋಲಿಸಿ ಸಂಬಂಧವಿಲ್ಲ ಎಂದರೆ ಅದು ಅವಸರದ ತೀರ್ಪು; ಬೆಲೆಯನ್ನು ಅಷ್ಟು ವರ್ಷ ಹಿಂದಕ್ಕೆ ಸರಿಸಿ ಹೋಲಿಸಬೇಕು.

ಇದಕ್ಕೆ ಪ್ರತಿಯಾಗಿ ಮಳೆಯ ನಂಟು ಬೇಗ ತಲೆಯೆತ್ತುತ್ತದೆ. ಬೇಸಿಗೆಯ ಆರಂಭದಲ್ಲಿ ಬೀಳುವ ಹೂಮಳೆ ಸಕಾಲಕ್ಕೆ ಬಂದರೆ ಮೊಗ್ಗು ಅರಳುತ್ತದೆ, ಮುಂದಿನ ಕೊಯ್ಲು ತುಂಬುತ್ತದೆ. ತಪ್ಪಿದರೆ ಫಸಲು ಸೊರಗುತ್ತದೆ. ಮಲೆನಾಡಿನ ಹಲವು ತೋಟಗಳಲ್ಲಿ ಮಳೆಯ ಲೆಕ್ಕವನ್ನು ದಿನವಹಿ ಬರೆದಿಡುವ ರೂಢಿ ಇದೆ. ಹೂಮಳೆ ಹೋದ ವರ್ಷಕ್ಕಿಂತ ಚೆನ್ನಾಗಿ ಬಿದ್ದಾಗ ಬೆಳೆ ಹೋದ ವರ್ಷಕ್ಕಿಂತ ಹೆಚ್ಚಿತೇ ಎಂಬುದು ವ್ಯತ್ಯಾಸಗಳ ಭಾಷೆಯಲ್ಲೇ ಕೇಳಿದ ಪ್ರಶ್ನೆ. ಬೆಳೆಗಾರರು ಇದನ್ನು ಸಂಖ್ಯಾಶಾಸ್ತ್ರದ ಹೆಸರಿಲ್ಲದೆ ಕೇಳುತ್ತಲೇ ಬಂದಿದ್ದಾರೆ. ಇಷ್ಟು ನೇರವಾದ ನಂಟಾದರೆ ಕಳೆದ ಮೇಲೂ ಉಳಿಯುತ್ತದೆ.

ಮೂರನೆಯ ಮಿತಿ ಇನ್ನೂ ಸೂಕ್ಷ್ಮ. ಕೆಲವು ಸಾಲುಗಳು ಏರುತ್ತಾ ಇಳಿಯುತ್ತಾ ಅಲೆದರೂ ಒಂದನ್ನೊಂದು ಬಿಟ್ಟು ದೂರ ಹೋಗುವುದಿಲ್ಲ. ಲಂಡನ್ ಮಾರುಕಟ್ಟೆಯ ರೋಬಸ್ಟಾ ಬೆಲೆಯನ್ನು ರೂಪಾಯಿಗೆ ಪರಿವರ್ತಿಸಿ ಸಕಲೇಶಪುರದ ವ್ಯಾಪಾರಿ ಕೊಡುವ ಬೆಲೆಯೊಡನೆ ಇಟ್ಟರೆ, ಅವು ಹಗ್ಗದಲ್ಲಿ ಕಟ್ಟಿದ ಎರಡು ಎತ್ತುಗಳಂತೆ. ಅಂತರ ತೀರ ಹೆಚ್ಚಾದರೆ ರಫ್ತುದಾರರು ಹೆಚ್ಚು ಕೊಳ್ಳುತ್ತಾರೆ ಅಥವಾ ಹಿಂಜರಿಯುತ್ತಾರೆ, ಬೆಲೆ ಮತ್ತೆ ಹತ್ತಿರ ಬರುತ್ತದೆ. ಇಲ್ಲಿ ಮಟ್ಟಗಳ ಸಂಬಂಧವೇ ನಿಜ. ಬರಿಯ ವ್ಯತ್ಯಾಸಗಳನ್ನು ಇಟ್ಟುಕೊಂಡರೆ ಆ ಹಗ್ಗವನ್ನೇ ಬಿಸಾಡಿದಂತಾಗುತ್ತದೆ. ಇಂಥ ಜೋಡಿಗಳನ್ನು 'ಕೋಇಂಟಿಗ್ರೇಶನ್' ಹೊಂದಿದವು ಎನ್ನುತ್ತಾರೆ. ರೇಖೆಯಿಂದ ಆದ ಅಂತರ ಮತ್ತೆ ಮತ್ತೆ ಸೊನ್ನೆಗೆ ಮರಳುತ್ತದೆಯೇ ಎಂದು ನೋಡಿ ಇವನ್ನು ಗುರುತಿಸುವ ವಿಧಾನವನ್ನು ರಾಬರ್ಟ್ ಎಂಗಲ್ ಮತ್ತು ಗ್ರೇಂಜರ್ 1987ರಲ್ಲಿ ಮುಂದಿಟ್ಟರು. 2003ರ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಇವರಿಬ್ಬರೂ ಹಂಚಿಕೊಂಡರು. ಕೋಇಂಟಿಗ್ರೇಶನ್ ಗ್ರೇಂಜರ್ ಅವರಿಗೆ ಪುರಸ್ಕಾರ ತಂದ ಕೆಲಸ.

ಆನೆಗಳ ಲೆಕ್ಕಕ್ಕೆ ಬಂದರೆ

ಈಗ ಆಲೂರಿನ ಪ್ರಶ್ನೆಗೆ ಮರಳಬಹುದು. ಅಧಿಕೃತ ಅಂದಾಜಿನಂತೆ ಕರ್ನಾಟಕದ ಆನೆಗಳ ಸಂಖ್ಯೆ 2017ರಲ್ಲಿ 6,049, 2023ರಲ್ಲಿ 6,395. ದೇಶದ ಕಾಫಿ ಉತ್ಪಾದನೆ 2017-18ರಲ್ಲಿ 3.16 ಲಕ್ಷ ಟನ್ ಇದ್ದದ್ದು 2022-23ರಲ್ಲಿ 3.52 ಲಕ್ಷ ಟನ್ ಆಯಿತು. ಎರಡೂ ಏರಿದವು. ಇದನ್ನು ಚಿತ್ರವಾಗಿ ಬರೆದು 'ಕಾಫಿ ಹೆಚ್ಚಿದ್ದರಿಂದ ಆನೆ ಹೆಚ್ಚಿತು' ಎಂದೋ, 'ಆನೆ ಹೆಚ್ಚಿದರೂ ಕಾಫಿಗೆ ತೊಂದರೆಯಿಲ್ಲ' ಎಂದೋ ವಾದಿಸಬಹುದು. ಎರಡು ಬಿಂದುಗಳ ನಡುವೆ ಸರಳರೇಖೆಯನ್ನು ಯಾವಾಗಲೂ ಎಳೆಯಬಹುದು. ಅದರ ಸಹಸಂಬಂಧ ಯಾವಾಗಲೂ ಪೂರ್ಣವೇ. ಕಳೆದು ನೋಡಿದರೆ ಉಳಿಯುವುದು ಒಂದೇ ಒಂದು ಜೋಡಿ, ಅದರಿಂದ ಏನನ್ನೂ ಹೇಳಲಾಗದು.

ಆನೆ ಹಿಡಿದು ಸಾಗಿಸಬೇಕೇ, ರೈಲು ಹಳಿಯ ತಡೆಬೇಲಿ ಹಾಕಬೇಕೇ, ಕಾಡಿನ ದಾರಿಯನ್ನು ಬಿಡಿಸಿಕೊಡಬೇಕೇ ಎಂಬ ನಿರ್ಧಾರಗಳಲ್ಲಿ ಕಾರ್ಮಿಕರ ಪ್ರಾಣ, ಬೆಳೆಗಾರರ ಬದುಕು, ಆನೆಗಳ ಉಳಿವು ಅಡಗಿದೆ. ಅಂಥ ನಿರ್ಧಾರಕ್ಕೆ ಬೇಕಾದ ಪ್ರಶ್ನೆ ಬೇರೆ ಬಗೆಯದು. ಒಂದು ಗ್ರಾಮದ ಸುತ್ತ ಬೇಲಿ ಬಂದ ವರ್ಷ ಅಲ್ಲಿ ಘಟನೆಗಳು ಹಿಂದಿನ ವರ್ಷಕ್ಕಿಂತ ಎಷ್ಟು ಇಳಿದವು? ಬೇಲಿ ಬರದ ಪಕ್ಕದ ಗ್ರಾಮದಲ್ಲಿ ಅದೇ ವರ್ಷ ಎಷ್ಟು ಬದಲಾದವು? 22 ಆನೆಗಳನ್ನು ಸಾಗಿಸಿದ ಮರುವರ್ಷ ಬೆಳೆಹಾನಿ ಎಷ್ಟು ತಗ್ಗಿತು, ಎಷ್ಟು ವರ್ಷದಲ್ಲಿ ಮರಳಿತು? ಇವೆಲ್ಲ ಮಟ್ಟದ ಪ್ರಶ್ನೆಗಳಲ್ಲ, ಬದಲಾವಣೆಯ ಪ್ರಶ್ನೆಗಳು.

ಇಲ್ಲಿಯೂ ಒಂದು ಜೋಪಾನ ಬೇಕು. ಬೆಳೆಹಾನಿಯ ಸಾಲನ್ನು ಸಾಮಾನ್ಯವಾಗಿ ಪರಿಹಾರದ ಅರ್ಜಿಗಳಿಂದ ಕಟ್ಟಲಾಗುತ್ತದೆ. ಪರಿಹಾರದ ಮೊತ್ತ ಏರಿದ ವರ್ಷ, ಅಥವಾ ಅರ್ಜಿ ಸಲ್ಲಿಸುವುದು ಸುಲಭವಾದ ವರ್ಷ, ಆನೆಗಳು ಅಷ್ಟೇ ಇದ್ದರೂ ಅರ್ಜಿಗಳು ಜಿಗಿಯಬಹುದು. ಆಗ ವ್ಯತ್ಯಾಸಗಳ ಸಾಲಿನಲ್ಲಿ ಕಾಣುವ ಜಿಗಿತ ಕಾಡಿನದ್ದಲ್ಲ, ಕಚೇರಿಯದ್ದು. ಅಂಕಿ ಹೇಗೆ ಹುಟ್ಟಿತೆಂಬುದನ್ನು ಕೇಳದೆ ಯಾವ ಲೆಕ್ಕವೂ ಅದನ್ನು ಶುದ್ಧಗೊಳಿಸಲಾರದು.

ಆದ್ದರಿಂದ ಏರುವ ಎರಡು ಗೆರೆಗಳ ಚಿತ್ರ ಎದುರಾದಾಗ, ಅದು ಆನೆಯದಿರಲಿ, ಕಾಫಿಯದಿರಲಿ, ಬೆಂಗಳೂರಿನ ವಾಹನಗಳದ್ದಿರಲಿ, ನೋಡುವವರು ಕೇಳಬೇಕಾದದ್ದು ಇಷ್ಟು: ಮೊದಲ ಗೆರೆ ಜೋರಾಗಿ ಏರಿದ ವರ್ಷಗಳು ಯಾವುವು, ಅದೇ ವರ್ಷಗಳಲ್ಲಿ ಎರಡನೆಯದೂ ಜೋರಾಗಿ ಏರಿತೇ, ಅದು ಸುಮ್ಮನಿದ್ದಾಗ ಇದೂ ಸುಮ್ಮನಿತ್ತೇ? ಚಿತ್ರ ತೋರಿಸಿದವರು ಇದಕ್ಕೆ ಉತ್ತರಿಸುವವರೆಗೆ, ಜೊತೆಯಾಗಿ ಏರಿದ್ದು ಜೊತೆಯಾಗಿ ಏರಿದ್ದಷ್ಟೇ.